ಎಡಿಟ್ ಆಗಿದೆ ಅನ್ನೋರು ಎಲ್ಲಿ ಅಂತ ತೋರಿಸಲಿ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಕಳೆದ ವರ್ಷ ನಾನು ಒಂದು ಆಡಿಯೋ ನೋಡಿ, ಲ್ಯಾಪ್‌ಟಾಪ್ ತಿರುಗಿಸಿ, ಊರಿನ ಹತ್ತು ಜನರ ಮುಂದೆ "ಇಲ್ಲಿ ಕಟ್ ಮಾಡಿದ್ದಾರೆ, ನೋಡಿ" ಅಂತ ಬೆರಳಿಟ್ಟು ತೋರಿಸಿದೆ. ನಾನು ತೋರಿಸಿದ ಜಾಗ ತಪ್ಪಾಗಿತ್ತು. ಆಡಿಯೋ ನಿಜವಾಗಿಯೂ ಕಟ್ ಆಗಿತ್ತು, ಆದರೆ ಬೇರೆ ಕಡೆ. ಅರ್ಧ ಕಲಿತ ಇಸಿ ಹುಡುಗ ಒಂದು ಸ್ಪೆಕ್ಟ್ರೋಗ್ರಾಮ್ ಇಟ್ಟುಕೊಂಡು ಎಷ್ಟು ಅನಾಹುತ ಮಾಡಬಹುದು ಅನ್ನೋದಕ್ಕೆ ನಾನೇ ಸಾಕ್ಷಿ.

ನಮ್ಮೂರು ರಾಮನಾಥಪುರ. ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆ, ಹೊಳೆಯಲ್ಲಿ ಮೀನು ಹಿಡಿಯಬಾರದ ಊರು, ಹೊಗೆಸೊಪ್ಪಿನ ಹರಾಜು ಕಟ್ಟೆ ಇರೋ ಊರು. ಷಷ್ಠಿ ಜಾತ್ರೆಗೆ ಊರಿಗೆ ಹೋದಾಗ ಮನೆಯಲ್ಲಿ ಒಂದು ಥರ ಮೌನ. ಕೇಳಿದರೆ, ದೊಡ್ಡಪ್ಪನ ಆಡಿಯೋ ವಾಟ್ಸಾಪ್‌ನಲ್ಲಿ ಓಡಾಡ್ತಾ ಇದೆ. ಅವರು ಊರಿನ ಒಂದು ಸಣ್ಣ ಉಳಿತಾಯ ಸಂಘದ ಲೆಕ್ಕ ನೋಡಿಕೊಳ್ತಾರೆ. ಒಂದು ನಿಮಿಷ ಐವತ್ತೆರಡು ಸೆಕೆಂಡಿನ ಕ್ಲಿಪ್. ಅದರ ಮಧ್ಯದಲ್ಲಿ ದೊಡ್ಡಪ್ಪನದೇ ದನಿ: "ದುಡ್ಡು ನಾನ್ ತಗೊಂಡಿದೀನ್." ಆಮೇಲೆ ಒಂದು ಸೆಕೆಂಡು ಸುಮ್ಮನೆ. ಆಮೇಲೆ ಇನ್ನೇನೋ ಮಾತು.

ದೊಡ್ಡಪ್ಪ ಹೇಳೋದು ಒಂದೇ: "ನಾನು ಹಂಗಂದಿಲ್ಲ ಕಣೋ. ಅಂದಿದ್ದೀನಿ, ಆದರೆ ಹಂಗಲ್ಲ."

ಈ ಮಾತು ಕೇಳಿದ ಕೂಡಲೇ ನಗು ಬರುತ್ತೆ. ಆದರೆ ಕನ್ನಡದ ವಾಕ್ಯ ಹೇಗೆ ಕಟ್ಟಿಕೊಳ್ಳುತ್ತೆ ಅಂತ ಸ್ವಲ್ಪ ಯೋಚಿಸಿ. ನಮ್ಮಲ್ಲಿ 'ಇಲ್ಲ' ಬರೋದು ಕೊನೆಯಲ್ಲಿ. 'ಅಂತ' ಬರೋದು ಕೊನೆಯಲ್ಲಿ. ಪ್ರಶ್ನೆಯ 'ಆ' ಬರೋದೂ ಕೊನೆಯಲ್ಲೇ. "ದುಡ್ಡು ನಾನು ತಗೊಂಡಿದೀನಿ ಅಂತ ಯಾರು ಹೇಳಿದ್ದು?" ಅನ್ನೋ ವಾಕ್ಯದ ಬಾಲ ಕತ್ತರಿಸಿದರೆ ಉಳಿಯೋದು ತಪ್ಪೊಪ್ಪಿಗೆ. ಮಾತು ಜೋಡಿಸಬೇಕಿಲ್ಲ, ಮಿಮಿಕ್ರಿ ಬೇಕಿಲ್ಲ, ಫೋನಿನಲ್ಲಿ ಉಚಿತವಾಗಿ ಸಿಗೋ ರಿಂಗ್‌ಟೋನ್ ಕಟ್ಟರ್ ಸಾಕು. ಆದ್ದರಿಂದ ಕನ್ನಡದ ರೆಕಾರ್ಡಿಂಗ್‌ನಲ್ಲಿ ಎಡಿಟ್ ಹುಡುಕೋರು ಮೊದಲು ನೋಡಬೇಕಾದ್ದು ಅನುಮಾನದ ವಾಕ್ಯದ ಕೊನೆಯನ್ನು. ನಾನು ಅದನ್ನು ಮಾಡಲಿಲ್ಲ. ಎಲ್ಲಿ ಗೆರೆ ಚೆನ್ನಾಗಿ ಕಾಣುತ್ತೋ ಅಲ್ಲಿಗೆ ಹೋದೆ.

ಕ್ಲಿಪ್ಪನ್ನು ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ಹಾಕಿದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ, ಬಣ್ಣ ಅಂದರೆ ಶಕ್ತಿ. ನಾಲ್ಕನೇ ಸೆಮಿಸ್ಟರ್‌ನಿಂದ ಗೊತ್ತಿರೋದೇ. ಕೆಳಗಡೆ 100, 200, 300 ಹರ್ಟ್ಜ್‌ನಲ್ಲಿ ಸಣ್ಣ ಅಡ್ಡಗೆರೆಗಳು, ಕ್ಲಿಪ್ ಉದ್ದಕ್ಕೂ. ಅದು ಮೂಲೆಯಲ್ಲಿದ್ದ ಫ್ರಿಜ್ಜಿನ ಗುಂಯ್ ಸದ್ದು. ಒಂದು ನಿಮಿಷ ಏಳನೇ ಸೆಕೆಂಡಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಒಂದು ನೇರ ಉದ್ದಗೆರೆ, 'ಟಕ್' ಅನ್ನೋ ಶಬ್ದ. ಅಲ್ಲಿಂದ ಮುಂದೆ ಅಡ್ಡಗೆರೆಗಳು ಮಾಯ. ಗುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತಿದೆ, ಜೊತೆಗೆ ಉದ್ದಗೆರೆ. ಇನ್ನೇನು ಬೇಕು? ಬೇರೆ ಜಾಗದಲ್ಲಿ ರೆಕಾರ್ಡ್ ಮಾಡಿದ್ದನ್ನು ಇಲ್ಲಿ ಅಂಟಿಸಿದ್ದಾರೆ ಅಂತ ತೀರ್ಪು ಕೊಟ್ಟೆ.

ದೊಡ್ಡಮ್ಮ ಅಡುಗೆ ಮನೆಯಿಂದಲೇ ಕೇಳಿದರು: "ಅವತ್ತು ಮೀಟಿಂಗ್ ಮಧ್ಯ ಕರೆಂಟ್ ಹೋಗಿತ್ತಲ್ಲ, ಅದಾ?"

ಅದೇ.

ಅವತ್ತು ನನಗೆ ಗೊತ್ತಿಲ್ಲದೇ ಇದ್ದದ್ದನ್ನು ಈಗ ಬರೀತೀನಿ. ಕರೆಂಟ್ ಹೋದಾಗ ಸಾಯೋದು ಕರೆಂಟಿನ ಮೇಲೆ ನಡೆಯೋ ಸದ್ದುಗಳು ಮಾತ್ರ. ಫ್ರಿಜ್ಜಿನ ಗುಂಯ್ ನಿಲ್ಲುತ್ತೆ, ಕಂಪ್ರೆಸರ್ ಒಂದು ಸಲ ಕುಲುಕಿ ನಿಲ್ಲೋದರಿಂದ ಆ 'ಟಕ್' ಬರುತ್ತೆ. ಆದರೆ ಹೊರಗಿನ ನಾಯಿ ಬೊಗಳಾಟ ನಿಲ್ಲಲ್ಲ, ಮಾತಾಡ್ತಾ ಇದ್ದವರ ದನಿಯ ಪ್ರತಿಧ್ವನಿ ನಿಲ್ಲಲ್ಲ, ಬಾಯಲ್ಲಿದ್ದ ಪದ ಅರ್ಧಕ್ಕೆ ಮುರಿಯಲ್ಲ. ಅದೇ ಎಡಿಟ್ ಆಗಿದ್ದರೆ? ಕತ್ತರಿಗೆ ಯಾವುದು ಕರೆಂಟಿನ ಸದ್ದು, ಯಾವುದು ನಾಯಿಯ ಸದ್ದು ಅಂತ ಭೇದ ಇಲ್ಲ. ಒಂದೇ ಕ್ಷಣದಲ್ಲಿ ಎಲ್ಲವೂ ಮುರಿಯುತ್ತೆ. ನಾನು 1:07ರ ಸುತ್ತ ಇನ್ನೊಂದು ಸಲ ನೋಡಿದಾಗ ಯಾರೋ "ಹೌದೌದು" ಅಂತಿದ್ದ ಸ್ವರ ಆ ಉದ್ದಗೆರೆಯನ್ನು ದಾಟಿ ಏನೂ ಆಗದವರ ಹಾಗೆ ಮುಂದೆ ಹೋಗಿತ್ತು. ಅಲ್ಲಿ ಕಟ್ ಇರೋಕೆ ಸಾಧ್ಯವೇ ಇರಲಿಲ್ಲ.

ಪುಸ್ತಕಗಳಲ್ಲಿ "ಹಿನ್ನೆಲೆಯ ಗುಂಯ್ ಬದಲಾದರೆ ಅನುಮಾನಿಸಿ" ಅಂತ ಬರೆದವರು ಬಹುಶಃ ಕರೆಂಟ್ ಹೋಗದ ದೇಶದವರು. ನಮ್ಮ ಕಡೆ ಇನ್ನೂ ಎರಡು ಲೆಕ್ಕ ಇಟ್ಟುಕೊಳ್ಳಬೇಕು. ಒಂದು, ಕರೆಂಟ್ ಹೋದ ತಕ್ಷಣ ಇನ್ವರ್ಟರ್ ಹತ್ತಿದರೆ ಗುಂಯ್ ನಿಲ್ಲೋದೇ ಇಲ್ಲ, ಬದಲಾಗುತ್ತೆ. ಇನ್ವರ್ಟರ್ ತನ್ನದೇ ಗಡಿಯಾರದ ಮೇಲೆ 50 ಹರ್ಟ್ಜ್ ಮಾಡಿಕೊಳ್ಳುತ್ತೆ, ಗ್ರಿಡ್ ಜೊತೆ ಅದಕ್ಕೆ ಸಂಬಂಧ ಇಲ್ಲ. ಅಗ್ಗದ್ದಾದರೆ ಅಲೆಯ ಆಕಾರವೂ ಚೌಕಾಕಾರಕ್ಕೆ ಹತ್ತಿರ ಇರೋದರಿಂದ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿಯಾಗ್ತವೆ. ಎರಡು, ತೋಟದ ಪಕ್ಕದ ಮನೆಯಾದರೆ ತ್ರೀ ಫೇಸ್ ಬಂದ ಹೊತ್ತಿಗೆ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾಗಿ ಹಿನ್ನೆಲೆ ಪೂರ್ತಿ ಬೇರೆಯಾಗುತ್ತೆ. ಎರಡೂ ಎಡಿಟ್ ಅಲ್ಲ.

ಸರಿ, ಹಾಗಾದರೆ ಗುಂಯ್ ಸದ್ದಿನಿಂದ ಪ್ರಯೋಜನ ಏನು? ಇದೆ, ಆದರೆ ಅದು ಕಣ್ಣಿಗೆ ಕಾಣೋ ಗೆರೆಯಲ್ಲಿ ಇಲ್ಲ, ಅದರ ಫೇಸ್‌ನಲ್ಲಿದೆ.

ಗ್ರಿಡ್ 50 ಹರ್ಟ್ಜ್ ಅಂತ ನಾವು ಪರೀಕ್ಷೆಯಲ್ಲಿ ಬರೀತೀವಿ. ನಿಜದಲ್ಲಿ ಅದು ಲೋಡ್ ಹೆಚ್ಚಾದಾಗ ಸ್ವಲ್ಪ ಇಳಿಯುತ್ತೆ, ಉತ್ಪಾದನೆ ಹೆಚ್ಚಾದಾಗ ಸ್ವಲ್ಪ ಏರುತ್ತೆ. ಗ್ರಿಡ್ ಕೋಡ್ ಇಟ್ಟಿರೋ ಮಿತಿ 49.90ರಿಂದ 50.05. ಈ ಮಿತಿಯೊಳಗೆ ಅದು ಸದಾ ತೂಗಾಡ್ತಾ ಇರುತ್ತೆ, ಆದರೆ ಮೆಲ್ಲಗೆ. ಕೋಟಿಗಟ್ಟಲೆ ಜನರ ಲೋಡು, ನೂರಾರು ಟರ್ಬೈನುಗಳ ಭಾರ ಅದಕ್ಕೆ ಕಟ್ಟಿರುತ್ತೆ, ಹಾರೋಕೆ ಆಗಲ್ಲ. ಫ್ರಿಜ್ಜಿನ ಗುಂಯ್ ಈ ಅಲೆಯ ಎರಡರಷ್ಟು ವೇಗದಲ್ಲಿ, ಅಂದರೆ 100 ಹರ್ಟ್ಜ್ ಆಸುಪಾಸಿನಲ್ಲಿ, ಗ್ರಿಡ್ಡಿಗೆ ಗಂಟು ಹಾಕಿದ ಹಾಗೆ ಹೋಗುತ್ತೆ. ಯಾಕೆ ಎರಡರಷ್ಟು ಅಂದರೆ ಕಬ್ಬಿಣದ ಕೋರ್ ಅಲೆಯ ಧನ ಶಿಖರದಲ್ಲೂ ಒಂದು ಸಲ ಎಳೆಯುತ್ತೆ, ಋಣ ಶಿಖರದಲ್ಲೂ ಒಂದು ಸಲ. (ಕಂಪ್ರೆಸರ್ ತಿರುಗೋ ಸದ್ದು ಬೇರೆ. ಇಂಡಕ್ಷನ್ ಮೋಟಾರ್‌ಗೆ ಸ್ಲಿಪ್ ಇರೋದರಿಂದ ಅದು 50ಕ್ಕಿಂತ ಸ್ವಲ್ಪ ಕೆಳಗೆ ಇನ್ನೊಂದು ಗೆರೆ ಬಿಡುತ್ತೆ, ಮತ್ತು ಅದು ಗ್ರಿಡ್ಡಿಗೆ ಬದ್ಧ ಅಲ್ಲ. ಎರಡನ್ನೂ ಒಂದೇ ಅಂದುಕೊಂಡು ನಾನು ಒಂದು ಸಂಜೆ ಕಳೆದಿದ್ದೀನಿ.)

ಈಗ ಈ ಅಲೆಯ ಮಧ್ಯದಿಂದ ಮೂರು ಚಿಲ್ಲರೆ ಸೆಕೆಂಡು ಕತ್ತರಿಸಿ ಎರಡು ತುದಿ ಅಂಟಿಸಿದರೆ? ಕತ್ತರಿಸಿದ ಉದ್ದದಲ್ಲಿ ಪೂರ್ತಿ ಸಂಖ್ಯೆಯ ಸುತ್ತುಗಳು ಇದ್ದರೆ ಮಾತ್ರ ತುದಿಗಳು ಕೂಡ್ತವೆ. ಇಲ್ಲದಿದ್ದರೆ ಅಂಟಿನ ಜಾಗದಲ್ಲಿ ಫೇಸ್ ಹಾರುತ್ತೆ. ಮಾತಿನ ಮೇಲೆ ಎಷ್ಟೇ ನಯವಾಗಿ ಫೇಡ್ ಹಾಕಿದರೂ ಈ ಹಾರುವಿಕೆ ಉಳಿಯುತ್ತೆ, ಯಾಕೆಂದರೆ ಫೇಡ್ ಮುಗಿದ ಮೇಲೂ ಮುಂದಿನ ಅಲೆ ತನ್ನ ಹಳೇ ತಾಳದಲ್ಲೇ ಹೋಗ್ತಾ ಇರುತ್ತೆ. ಹಾಡಿನ ಮಧ್ಯದ ಒಂದು ಸಾಲು ಕತ್ತರಿಸಿದರೆ ತಾಳ ಹಾಕ್ತಿದ್ದವನ ಕೈ ತಪ್ಪಿದ ಹಾಗೆ.

ಇದನ್ನು ನೋಡೋಕೆ ಆಡಾಸಿಟಿಯ ಚಿತ್ರ ಸಾಲದು. ಅದರಲ್ಲಿ 2048 ಸ್ಯಾಂಪಲ್‌ಗಳ ಕಿಟಕಿ ಇಟ್ಟರೆ 44100ರ ಫೈಲಿನಲ್ಲಿ ಅದು 46 ಮಿಲಿಸೆಕೆಂಡು. ಅಂದರೆ ಆವರ್ತನದಲ್ಲಿ ಒಂದೊಂದು ಮೆಟ್ಟಿಲು 21 ಹರ್ಟ್ಜ್‌ಗಿಂತ ದೊಡ್ಡದು. ಅಷ್ಟು ದಪ್ಪ ಕುಂಚದಿಂದ 0.01 ಹರ್ಟ್ಜ್ ವ್ಯತ್ಯಾಸ ಬರೆಯೋಕಾಗಲ್ಲ. ಕಿಟಕಿ ಎಂಟು ಸೆಕೆಂಡು ಮಾಡಿದರೆ ಆವರ್ತನ ಸ್ಪಷ್ಟ, ಆದರೆ ಕಟ್ ಎಲ್ಲಿ ಅನ್ನೋದು ಎಂಟು ಸೆಕೆಂಡಿನೊಳಗೆ ಕಳೆದುಹೋಗುತ್ತೆ. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಕಳೆದುಕೊಳ್ಳಬೇಕು. ಅದಕ್ಕೇ ಗುಂಯ್ ಇರೋ ಪಟ್ಟಿಯನ್ನು ಮಾತ್ರ ಸೋಸಿ ತೆಗೆದು, ಅದರ ಫೇಸ್‌ನ ಇಳಿಜಾರು ನೋಡೋದು ಉತ್ತಮ. ಮೊದಲು ಫೈಲನ್ನು ಸಾವಿರ ಹರ್ಟ್ಜ್‌ಗೆ ಇಳಿಸಿಕೊಳ್ಳಿ:

```
ffmpeg -i talk.m4a -ac 1 -ar 1000 talk.wav
```

ಆಮೇಲೆ ಇಷ್ಟು ಸಾಕು:

```python
import numpy as np
from scipy.io import wavfile
from scipy.signal import butter, sosfiltfilt, hilbert

fs, x = wavfile.read("talk.wav")
sos = butter(4, [98, 102], btype="band", fs=fs, output="sos")
h = sosfiltfilt(sos, x.astype(float))
t = np.arange(len(h)) / fs
ph = np.unwrap(np.angle(hilbert(h))) - 2*np.pi*100*t
np.savetxt("phase.txt", np.degrees(ph[::100]))
```

ಪ್ರತಿ ಹತ್ತನೇ ಒಂದು ಸೆಕೆಂಡಿಗೆ ಒಂದು ಕೋನ ಸಿಗುತ್ತೆ. ಗ್ರಿಡ್ ಕರಾರುವಾಕ್ಕಾಗಿ 50 ಇದ್ದರೆ ಗ್ರಾಫ್ ಸಮತಟ್ಟು. 49.97 ಇದ್ದರೆ 100ರ ಬದಲು 99.94, ಅಂದರೆ ಸೆಕೆಂಡಿಗೆ ಸುಮಾರು 21.6 ಡಿಗ್ರಿಯಂತೆ ಗೆರೆ ಇಳೀತಾ ಹೋಗುತ್ತೆ. ಇಳಿಜಾರು ತಪ್ಪಲ್ಲ. ಇಳಿಜಾರಿನ ಮಧ್ಯ ಮೆಟ್ಟಿಲು ಬಂದರೆ ಅದು ನೋಡಬೇಕಾದ ವಿಷಯ.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಗಂಡಸರ ದನಿಯ ಶ್ರುತಿ ಹೆಚ್ಚುಕಡಿಮೆ 100ರಿಂದ 150 ಹರ್ಟ್ಜ್‌ನಲ್ಲೇ ಇರುತ್ತೆ. ದೊಡ್ಡಪ್ಪ ಬಾಯಿ ತೆಗೆದರೆ ಫ್ರಿಜ್ಜು ಮುಳುಗಿ ಹೋಗುತ್ತೆ, ಫೇಸ್ ಎತ್ತೆತ್ತಲೋ ಓಡುತ್ತೆ. ಮಾತಿರೋ ಕಡೆ ಬಂದ ಮೆಟ್ಟಿಲಿಗೆ ಬೆಲೆಯೇ ಇಲ್ಲ. ಮಾತಿನ ನಡುವೆ ಒಂದು ಸೆಕೆಂಡಿನಷ್ಟಾದರೂ ಮೌನ ಇರೋ ಜಾಗಗಳನ್ನು ಗುರುತು ಹಾಕಿಕೊಂಡು ಅಲ್ಲಿನ ಕೋನಗಳನ್ನಷ್ಟೇ ಹೋಲಿಸಬೇಕು. ಒಂದು ಸೆಕೆಂಡು ಯಾಕೆಂದರೆ ನಾಲ್ಕು ಹರ್ಟ್ಜ್ ಅಗಲದ ಫಿಲ್ಟರ್ ತಾನೇ ಅರ್ಧ ಸೆಕೆಂಡಿನಷ್ಟು ಸವರಿಬಿಡುತ್ತೆ.

ದೊಡ್ಡಪ್ಪನ ಕ್ಲಿಪ್‌ನಲ್ಲಿ "ತಗೊಂಡಿದೀನ್" ಬರೋದು 41ನೇ ಸೆಕೆಂಡಿನಲ್ಲಿ. ಅದರ ಹಿಂದೆ ಒಂದು ಮೌನ, ಮುಂದೆ ಒಂದು ಮೌನ. ಎರಡರ ನಡುಮಧ್ಯಗಳ ಅಂತರ ಎರಡು ಸೆಕೆಂಡು. ಎರಡೂ ಕಡೆ ಇಳಿಜಾರು ಒಂದೇ, ಸೆಕೆಂಡಿಗೆ ಇಪ್ಪತ್ತೊಂದು ಇಪ್ಪತ್ತೆರಡು ಡಿಗ್ರಿ. ಹಾಗಾದರೆ ಮೊದಲ ಮೌನದಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಗೆರೆ ಸುಮಾರು 43 ಡಿಗ್ರಿ ಇಳಿದಿರಬೇಕಿತ್ತು. ಇಳಿದಿರಲಿಲ್ಲ. 30 ಡಿಗ್ರಿ ಏರಿತ್ತು. ಒಟ್ಟು 73 ಡಿಗ್ರಿಯ ತಪ್ಪು ತಾಳ. ಕ್ಲಿಪ್‌ನ ಮೊದಲ ಒಂದು ನಿಮಿಷದಲ್ಲಿ, ಅಂದರೆ ಕರೆಂಟ್ ಹೋಗೋ ಮೊದಲು, ನನಗೆ ಸಿಕ್ಕ ಬೇರೆ ಐದು ಜೋಡಿ ಮೌನಗಳಲ್ಲಿ ಲೆಕ್ಕ ಹತ್ತು ಡಿಗ್ರಿಯೊಳಗೆ ಕೂಡ್ತಾ ಇತ್ತು.

ಆದರೂ ಇದೊಂದನ್ನೇ ಹಿಡಿದು ಮತ್ತೆ ಊರ ಮುಂದೆ ಹೋಗೋ ಧೈರ್ಯ ನನಗಿರಲಿಲ್ಲ. ಒಂದು ಸಲ ಸುಟ್ಟುಕೊಂಡಿದ್ದೆನಲ್ಲ. ಅದಕ್ಕೆ ಅದೇ ಜಾಗವನ್ನು ಸಣ್ಣ ಕಿಟಕಿಯ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಹಿಗ್ಗಿಸಿ ನೋಡಿದೆ. ಉದ್ದಗೆರೆ ಇರಲಿಲ್ಲ. ಅಲೆ ಪ್ಲಸ್ಸಿನಿಂದ ಮೈನಸ್ಸಿಗೆ ಥಟ್ಟನೆ ಹಾರಿದರೆ ಆ ಗೆರೆ ಬರುತ್ತೆ. ಕಟ್ಟರ್ ಆ್ಯಪ್ ಕೆಲವೇ ಮಿಲಿಸೆಕೆಂಡಿನ ಫೇಡ್ ಹಾಕಿದರೂ ಅದು ಮಾಯ. ಗೆರೆ ಇಲ್ಲ ಅಂದರೆ ಕಟ್ ಇಲ್ಲ ಅಂತ ಅಲ್ಲ. ನೋಡಬೇಕಾದ್ದು ಪದದ ಬಾಲ. ಆ ಕೋಣೆ ಆರ್‌ಸಿಸಿ ತಾರಸಿಯದ್ದು, ಬೋಳು ಗೋಡೆ. ಬೇರೆ ಪ್ರತಿ ಮಾತಿನ ಕೊನೆಯಲ್ಲೂ ಪ್ರತಿಧ್ವನಿ ಅರ್ಧ ಸೆಕೆಂಡಿನ ಹತ್ತಿರ ಮೆಲ್ಲಗೆ ಕರಗುತ್ತೆ, ಚಿತ್ರದಲ್ಲಿ ಮಸಿ ಒರೆಸಿದ ಹಾಗೆ ಕಾಣುತ್ತೆ. "ತಗೊಂಡಿದೀನ್" ಆದ ಮೇಲೆ ಆ ಮಸಿ ಇಲ್ಲ. ಒಂದು ಗೋಡೆಗೆ ಬಡಿದು ನಿಂತ ಹಾಗೆ ನಿಂತಿದೆ.

ಇನ್ನೊಂದು ಗುರುತು ನಮ್ಮ ಭಾಷೆಯೇ ಕೊಟ್ಟಿದ್ದು. ದೊಡ್ಡಪ್ಪ ವಾಕ್ಯ ಮುಗಿಸೋವಾಗ "ತಗೊಂಡಿದೀನಿ" ಅಂತ ಕೊನೆಯ ಇಕಾರ ಎಳೆದು ಹೇಳೋ ಮನುಷ್ಯ. ಅದೇ ಕ್ಲಿಪ್‌ನಲ್ಲಿ "ಬರೆದಿದೀನಿ", "ಕೊಟ್ಟಿದೀನಿ" ಎರಡೂ ಇವೆ, ಎರಡರಲ್ಲೂ ಆ ಇಕಾರ ಸ್ಪಷ್ಟ. ಇಲ್ಲಿ ಮಾತ್ರ ಇಕಾರವೇ ಇಲ್ಲ, ಬರೀ 'ನ್'. ಕಾರಣ ಸರಳ: ನಾವು ಜೋರಾಗಿ ಮಾತಾಡೋವಾಗ "ತಗೊಂಡಿದೀನಿ ಅಂತ" ಅನ್ನಲ್ಲ, "ತಗೊಂಡಿದೀನಂತ" ಅಂತೀವಿ. ಸಂಧಿಯಲ್ಲಿ ಇಕಾರ ಲೋಪ. ಕತ್ತರಿಸಿದವನು 'ಅಂತ'ವನ್ನು ತೆಗೆದ, ಲೋಪವಾದ ಇಕಾರವನ್ನು ವಾಪಸ್ ತರೋಕೆ ಅವನ ಕೈಯಲ್ಲಿ ಆಗಲಿಲ್ಲ. ಹೈಸ್ಕೂಲಿನ ಲೋಪಸಂಧಿ ಹೀಗೆ ಫೊರೆನ್ಸಿಕ್ಸ್‌ನಲ್ಲಿ ಕೆಲಸಕ್ಕೆ ಬರುತ್ತೆ ಅಂತ ನಮ್ಮ ಕನ್ನಡ ಮೇಷ್ಟ್ರಿಗೂ ಗೊತ್ತಿರಲಿಲ್ಲ.

ತಾಳ ತಪ್ಪಿದ್ದು, ಪ್ರತಿಧ್ವನಿ ಕತ್ತರಿಸಿದ್ದು, ಇಕಾರ ಇಲ್ಲದ್ದು, ಮೂರೂ ಒಂದೇ ಜಾಗದಲ್ಲಿ. 1:07ರಲ್ಲಿ ನಾನು ತೋರಿಸಿದ್ದ ಜಾಗದಲ್ಲಿ ಮೂರರಲ್ಲಿ ಒಂದೂ ಇರಲಿಲ್ಲ.

ಫೈಲಿನ ಮಾಹಿತಿಯನ್ನೂ ನೋಡಿದೆ, ಆದರೆ ಅದಕ್ಕೆ ಜನ ಕೊಡೋ ಬೆಲೆ ಜಾಸ್ತಿ ಆಯ್ತು ಅನ್ನೋದು ನನ್ನ ಅಭಿಪ್ರಾಯ. `ffprobe` ಹಾಕಿದರೆ ಬಂದದ್ದರಲ್ಲಿ ಮುಖ್ಯವಾದದ್ದು ಇಷ್ಟು:

```
AUD-20241129-WA0014.m4a
encoder : Lavf58.76.100
44100 Hz, mono
```

`Lavf` ಅಂದರೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಈ ಫೈಲನ್ನು ಬರೆದಿದೆ. ಫೋನಿನ ರೆಕಾರ್ಡರ್ ಸಾಮಾನ್ಯವಾಗಿ ಹಾಗೆ ಬರೆಯಲ್ಲ. ಆದರೆ ಇದು ಕಟ್ ಆಗಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಯಾರಾದರೂ ಸೈಜ್ ಕಡಿಮೆ ಮಾಡಿದ್ದರೂ, ಫಾರ್ಮ್ಯಾಟ್ ಬದಲಿಸಿದ್ದರೂ ಅದೇ ಗುರುತು ಬೀಳುತ್ತೆ. ಫೈಲು ಕಾರ್ಖಾನೆಯಿಂದ ನೇರ ಬಂದದ್ದಲ್ಲ, ದಾರಿಯಲ್ಲಿ ಯಾರದೋ ಅಂಗಡಿಗೆ ಹೋಗಿ ಬಂದಿದೆ ಅಂತ ಹೇಳುತ್ತೆ, ಅಷ್ಟೇ. ಹೆಸರಿನಲ್ಲಿರೋ 20241129 ರೆಕಾರ್ಡ್ ಆದ ದಿನ ಅಂತ ಊರಲ್ಲಿ ಅರ್ಧ ಜನ ನಂಬಿದ್ದರು. ಅದು ವಾಟ್ಸಾಪ್ ಆ ಫೋನಿನಲ್ಲಿ ಇಟ್ಟ ಹೆಸರು. ಮೀಟಿಂಗ್ ಆಗಿದ್ದು ಅದಕ್ಕೂ ಐದು ದಿನ ಹಿಂದೆ, ಭಾನುವಾರ.

ನಿಜವಾದ ಬೆಲೆ ಇರೋದು ಮೂಲ ಫೈಲಿಗೆ. ಮೀಟಿಂಗ್‌ನಲ್ಲಿ ರೆಕಾರ್ಡ್ ಮಾಡಿದ್ದು ಸಂಘದ ಒಬ್ಬ ಹುಡುಗ. ಕತ್ತರಿಸಿದ್ದು ಅವನಲ್ಲ, ಅವನು ಯಾರಿಗೋ ಕಳಿಸಿದ್ದ, ಅಲ್ಲಿಂದ ಮುಂದೆ ಏನಾಯ್ತೋ. ಅವನನ್ನು ಒಪ್ಪಿಸೋಕೆ ಮೂರು ದಿನ, ಎರಡು ಕಾಫಿ ಬೇಕಾಯ್ತು. ಫೈಲು ಅವನ ಫೋನಿನಲ್ಲೇ ಇತ್ತು. ವಾಟ್ಸಾಪ್‌ನಲ್ಲಿ ಕಳಿಸಬೇಡ ಅಂತ ಹೇಳಿ, ಕೇಬಲ್ ಹಾಕಿ ನಕಲು ಮಾಡಿಕೊಂಡು, ಅವನ ಎದುರೇ `sha256sum` ಹಾಕಿ ಆ ಉದ್ದ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. 1 ಜುಲೈ 2024ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡೋವಾಗ ಜೊತೆಗಿರಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆಗೂ ಜಾಗ ಇದೆ. ನಮ್ಮದು ಕೋರ್ಟಿಗೆ ಹೋಗೋ ವಿಷಯ ಆಗಿರಲಿಲ್ಲ. ಆದರೂ ನಾಳೆ "ಇದನ್ನೂ ನೀನೇ ಮಾಡಿದ್ದು" ಅಂದರೆ?

ಮೂಲದ ಮಾಹಿತಿ ಹೀಗಿತ್ತು:

```
creation_time       : 2024-11-24T13:12:07.000000Z
com.android.version : 12
48000 Hz, mono
```

ಮೀಟಿಂಗ್ ಸಂಜೆ ಇದ್ದದ್ದು, ಇದರಲ್ಲಿ ಮಧ್ಯಾಹ್ನ ಒಂದು ಗಂಟೆ ಇದೆಯಲ್ಲ ಅಂತ ಅಲ್ಲೂ ಒಬ್ಬರು ಎದ್ದರು. ಕೊನೆಯ `Z` ಅಂದರೆ ಯುಟಿಸಿ. ಐದೂವರೆ ಗಂಟೆ ಕೂಡಿದರೆ 6:42. ಕೆಲವು ಫೋನ್ ರೆಕಾರ್ಡಿಂಗ್ ಶುರುವಾದ ಹೊತ್ತು ಬರೆಯುತ್ತೆ, ಕೆಲವು ಮುಗಿದ ಹೊತ್ತು. ಈ ಫೋನ್ ಯಾವ ಥರ ಅಂತ ತಿಳಿಯೋಕೆ ಅದೇ ಫೋನಿನಲ್ಲಿ ಎರಡು ನಿಮಿಷದ ಹೊಸ ರೆಕಾರ್ಡಿಂಗ್ ಮಾಡಿ ನೋಡಿದೆವು. ಮುಗಿದ ಹೊತ್ತು.

ಮೂಲದಲ್ಲಿ ದೊಡ್ಡಪ್ಪನ ಮಾತು: "ದುಡ್ಡು ನಾನ್ ತಗೊಂಡಿದೀನಂತ ಯಾರ್ ಹೇಳಿದ್ದು, ಪುಸ್ತಕ ತಂದು ನೋಡ್ರಿ." ಕತ್ತರಿಸಿದ್ದು 3.274 ಸೆಕೆಂಡು. 99.94 ಹರ್ಟ್ಜ್‌ನಲ್ಲಿ ಗುಣಿಸಿದರೆ 327.20 ಸುತ್ತು. ಪೂರ್ತಿ ಸುತ್ತುಗಳನ್ನು ಬಿಟ್ಟರೆ ಉಳಿಯೋದು 0.20, ಅಂದರೆ 73 ಡಿಗ್ರಿ. ಲೆಕ್ಕ ಕೂಡಿದಾಗ ನನಗೆ ಕೂಗಬೇಕು ಅನ್ನಿಸಿತು, ರಾತ್ರಿ ಹನ್ನೆರಡು ಗಂಟೆ, ಕೂಗಲಿಲ್ಲ.

ಇದು ಎಷ್ಟರ ಮಟ್ಟಿಗೆ ಅದೃಷ್ಟ ಅನ್ನೋದನ್ನೂ ಹೇಳಬೇಕು. ಕತ್ತರಿಸಿದ ಉದ್ದ ಅಕಸ್ಮಾತ್ ಪೂರ್ತಿ ಸುತ್ತುಗಳ ಹತ್ತಿರ ಬಿದ್ದಿದ್ದರೆ ಫೇಸ್ ಹಾರುತ್ತಲೇ ಇರಲಿಲ್ಲ. ನನ್ನ ಅಳತೆಯ ತಪ್ಪು ಆಚೆ ಈಚೆ ಹತ್ತು ಡಿಗ್ರಿ ಅಂದುಕೊಂಡರೆ, ಕಣ್ಣು ಮುಚ್ಚಿ ಹಾಕಿದ 18 ಕಟ್‌ಗಳಲ್ಲಿ ಒಂದು ಹೀಗೆ ತಪ್ಪಿಸಿಕೊಳ್ಳುತ್ತೆ. 73 ಡಿಗ್ರಿ ಅಂತ ಗೊತ್ತಾದರೂ ಎಷ್ಟು ಉದ್ದ ಹೋಗಿದೆ ಅಂತ ಅದು ಹೇಳಲ್ಲ. ಎರಡು ಮಿಲಿಸೆಕೆಂಡು ತೆಗೆದರೂ ಅಷ್ಟೇ, ಮೂರು ಸೆಕೆಂಡು ತೆಗೆದರೂ ಅಷ್ಟೇ. ಫ್ರಿಜ್ಜು ಆ ಹೊತ್ತಿಗೆ ಸುಮ್ಮನಿದ್ದಿದ್ದರೆ ಏನೂ ಸಿಗ್ತಿರಲಿಲ್ಲ. ಮತ್ತೆ, ಇದು ಫೋನ್ ಕರೆಯ ರೆಕಾರ್ಡಿಂಗ್ ಆಗಿದ್ದರೆ ಕಥೆಯೇ ಬೇರೆ. ಫೋನಿನ ಕೋಡೆಕ್ ಕೆಳಗಿನ ಆವರ್ತನಗಳನ್ನು ಸೋಸಿಬಿಡುತ್ತೆ, ನಾಯ್ಸ್ ರಿಡಕ್ಷನ್ ಮೌನದಲ್ಲಿರೋ ಸದ್ದನ್ನೆಲ್ಲಾ ಒರೆಸುತ್ತೆ. ಒಬ್ಬರ ಫೋನ್ ಸ್ಪೀಕರ್‌ನಲ್ಲಿ ಹಾಕಿ ಇನ್ನೊಬ್ಬರ ಫೋನಿನಲ್ಲಿ ಹಿಡಿದದ್ದಾದರೆ ಇನ್ನೂ ಕಷ್ಟ: ಎರಡನೇ ಕೋಣೆಯ ಗುಂಯ್ ಒಂದು ಚೂರೂ ಮುರಿಯದೆ ಮೇಲೆ ಕೂತು ಎಲ್ಲವೂ ಸರಿಯಾಗಿದೆ ಅನ್ನೋ ಹಾಗೆ ಕಾಣಿಸುತ್ತೆ. ಅದಕ್ಕೇ ನನ್ನ ವಾದ: ಫಾರ್ವರ್ಡ್ ಆಗಿ ಬಂದ ಆಡಿಯೋ ಮೇಲೆ "ಇಲ್ಲಿ ಕಟ್ ಇದೆ" ಅಂತ ಕೆಲವು ಸಲ ಹೇಳಬಹುದು. "ಎಲ್ಲೂ ಕಟ್ ಇಲ್ಲ, ಅಸಲಿ" ಅಂತ ಯಾರೂ ಹೇಳಕೂಡದು, ಎಷ್ಟೇ ದೊಡ್ಡ ಸಾಫ್ಟ್‌ವೇರ್ ಇರಲಿ.

ಹಾಗೇ ಆ ಕಡೆಯವರಿಗೂ ಒಂದು ಮಾತು. 2019ರ ಫೆಬ್ರವರಿ 8, ಬಜೆಟ್ ದಿನ, ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಒಂದು ಆಡಿಯೋ ಬಿಡುಗಡೆ ಮಾಡಿದ್ದು ನಿಮಗೆ ನೆನಪಿರಬಹುದು. ದೇವದುರ್ಗದಲ್ಲಿ ಗುರುಮಿಠಕಲ್ ಶಾಸಕರ ಮಗನ ಜೊತೆ ಬಿ.ಎಸ್. ಯಡಿಯೂರಪ್ಪ ಮಾತಾಡಿದ್ದು ಅಂತ ಹೇಳಲಾದ ಆಡಿಯೋ. ಮೊದಲು ಅದು ನಕಲಿ ಅಂದ ಯಡಿಯೂರಪ್ಪ, ಎರಡು ದಿನದಲ್ಲಿ ಭೇಟಿಯಾಗಿದ್ದು ನಿಜ, ದನಿಯೂ ತಮ್ಮದೇ, ಆದರೆ ಬೇಕಾದಷ್ಟನ್ನೇ ತೆಗೆದು ಬಿಟ್ಟಿದ್ದಾರೆ ಅಂದರು. ಅಲ್ಲಿ ಯಾರು ಸರಿ ಅನ್ನೋದು ಇಲ್ಲಿ ಬೇಡ. ಗಮನಿಸಬೇಕಾದ್ದು, ಇವೆರಡೂ ಬೇರೆ ಬೇರೆ ವಾದ. "ಇದು ನನ್ನ ದನಿಯಲ್ಲ" ಅನ್ನೋದನ್ನು ದನಿಯ ಮಾದರಿ ಹೋಲಿಸಿ ನೋಡಬೇಕು, ಅದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂಥವರ ಕೆಲಸ. "ನನ್ನ ದನಿಯೇ, ಮಧ್ಯೆ ಕತ್ತರಿಸಿದ್ದಾರೆ" ಅನ್ನೋದಕ್ಕೆ ನಾನು ಮೇಲೆ ಬರೆದದ್ದು ದಾರಿ. "ಮೊದಲೂ ಇತ್ತು ಕೊನೆಯೂ ಇತ್ತು, ಅದನ್ನು ಬಿಟ್ಟಿದ್ದಾರೆ" ಅನ್ನೋದಕ್ಕಂತೂ ಯಾವ ಸ್ಪೆಕ್ಟ್ರೋಗ್ರಾಮೂ ಉತ್ತರ ಕೊಡಲ್ಲ. ತುದಿಯಲ್ಲಿ ಕತ್ತರಿಸಿದರೆ ಅಂಟೇ ಇರಲ್ಲ, ಅಂಟು ಇಲ್ಲದ ಮೇಲೆ ಫೇಸ್ ಎಲ್ಲಿ ಹಾರಬೇಕು? ಮೂಲ ಫೈಲು ಬೇಕು. ಟಿವಿಯಲ್ಲಿ ಕೂತು "ಎಡಿಟೆಡ್" ಅಂತ ಒಂದೇ ಪದದಲ್ಲಿ ಮೂರನ್ನೂ ಕಲಸಿಬಿಡೋರನ್ನು ಕಂಡರೆ ನನಗೆ ಕೋಪ ಬರುತ್ತೆ. ಯಾವ ಥರದ ಎಡಿಟ್, ಎಷ್ಟನೇ ಸೆಕೆಂಡಿನಲ್ಲಿ? ಹೇಳಿ, ನಾವೂ ನೋಡ್ತೀವಿ.

ಒಂದು ಬೇಡಿಕೆ ನಮ್ಮ ಕಾಲೇಜಿಗೇ ಇದೆ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಸೇರಿತು. ಅದಕ್ಕೂ ಮೊದಲು ನಮ್ಮ ಆವರ್ತನ ನಮ್ಮದು, ಅವರದು ಅವರದು. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಾದಾಗ ನಾವು ಉಳಿದುಕೊಂಡಿದ್ದು ಅದರಿಂದಲೇ. ಈಗ ರಾಮನಾಥಪುರದ ಫ್ರಿಜ್ಜಿನ ಗುಂಯ್‌ಗೂ ದೆಹಲಿಯ ಫ್ರಿಜ್ಜಿನ ಗುಂಯ್‌ಗೂ ತಾಳ ಒಂದೇ. ಅಂದರೆ ನಮ್ಮ ಲ್ಯಾಬ್‌ನ ಒಂದು ಪ್ಲಗ್ ಪಾಯಿಂಟ್‌ನಿಂದ ಸೆಕೆಂಡಿಗೊಂದು ಸಲ ಆವರ್ತನ ಬರೆದಿಟ್ಟುಕೊಂಡರೆ ಇಡೀ ದೇಶದ ದಾಖಲೆ ಇಟ್ಟುಕೊಂಡ ಹಾಗೆ. ಮುಂದೆ ಯಾವುದಾದರೂ ಹತ್ತು ನಿಮಿಷಕ್ಕಿಂತ ಉದ್ದದ ರೆಕಾರ್ಡಿಂಗ್ ಬಂದಾಗ "ಇದು ಅವತ್ತಿನದಾ?" ಅಂತ ಆ ತೂಗಾಟದ ಜೊತೆ ಹೋಲಿಸಬಹುದು. ದೊಡ್ಡಪ್ಪನ ಎರಡು ನಿಮಿಷದ ಕ್ಲಿಪ್‌ಗೆ ಇದು ಆಗ್ತಿರಲಿಲ್ಲ, ಅಷ್ಟು ಚಿಕ್ಕದರಲ್ಲಿ ತೂಗಾಟವೇ ಸಾಲದು. ಬೇಕಾದ್ದು ಒಂದು 9 ವೋಲ್ಟ್ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಅದರ ಸೆಕೆಂಡರಿಯನ್ನು ಅರ್ಧ ವೋಲ್ಟ್‌ಗಿಂತ ಕೆಳಗೆ ಇಳಿಸೋ ಎರಡು ರೆಸಿಸ್ಟರ್, ಒಂದು ಹಳೇ ಕಂಪ್ಯೂಟರಿನ ಮೈಕ್ ಜ್ಯಾಕ್, ಮತ್ತೆ ಆ ಕಂಪ್ಯೂಟರಿನ ಗಡಿಯಾರ ಇಂಟರ್ನೆಟ್ ಸಮಯಕ್ಕೆ ಹೊಂದಿಕೊಂಡಿರೋದು. ಮೇನ್ಸ್ ತಂತಿಯನ್ನು ನೇರ ಸೌಂಡ್ ಕಾರ್ಡ್‌ಗೆ ಕೊಡೋ ಮಹಾನುಭಾವರು ನಮ್ಮ ಬ್ಯಾಚ್‌ನಲ್ಲೇ ಇದ್ದಾರೆ, ಅವರನ್ನು ದೂರ ಇಡಿ. ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾನೂ ಇನ್ನಿಬ್ಬರೂ ಇದನ್ನೇ ಕೇಳಿದ್ದೀವಿ, ಇನ್ನೂ ಒಪ್ಪಿಗೆ ಬಂದಿಲ್ಲ.

ಊರಲ್ಲಿ ಏನಾಯ್ತು ಅಂತ ಕೇಳ್ತೀರಿ. ಸಂಘದವರು ಕೂತು ಮೂಲ ಪೂರ್ತಿ ಕೇಳಿದರು, ಪುಸ್ತಕವನ್ನೂ ನೋಡಿದರು, ಲೆಕ್ಕ ಸರಿ ಇತ್ತು. ಕ್ಲಿಪ್ ಓಡಾಡಿದ ಗುಂಪುಗಳಲ್ಲಿ ಮೂಲವನ್ನೂ ಹಾಕಿದೆವು. ಎರಡು ನಿಮಿಷದ್ದನ್ನು ಕೇಳಿದಷ್ಟು ಜನ ಹತ್ತೊಂಬತ್ತು ನಿಮಿಷದ್ದನ್ನು ಕೇಳಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬರು ಮೊನ್ನೆಯೂ ದೊಡ್ಡಪ್ಪನನ್ನು ನೋಡಿ "ಏನ್ ಸೆಕ್ರೆಟರಿ, ತಗೊಂಡಿದೀನ್ ಅಂದ್ರಂತೆ" ಅಂದರಂತೆ. ದೊಡ್ಡಪ್ಪ ಈಗ ಮೀಟಿಂಗ್‌ನಲ್ಲಿ 'ಇಲ್ಲ' ಅನ್ನೋದನ್ನ ಮೊದಲು ಹೇಳಿ ಆಮೇಲೆ ಉಳಿದ ವಾಕ್ಯ ಹೇಳ್ತಾರೆ.